ಅತ್ತೆ-ಮಾವ ‘ಯುಗಾದಿವರೆಗೂ ಬಂದಿರ್ತೀವಿ’ ಅಂದಾಗ: ಮರ್ಯಾದೆ ಕೆಡದಂತೆ ಉತ್ತರಿಸುವುದು ಹೇಗೆ

ದೀಪಾವಳಿಗೆ ಇನ್ನೊಂದು ತಿಂಗಳಿದೆ ಅನ್ನುವಾಗ ಊರಿನಿಂದ ಫೋನು ಬರುತ್ತದೆ. “ಹಬ್ಬ ಮುಗಿಸ್ಕೊಂಡು ನಾವಿಬ್ರೂ ಅಲ್ಲಿಗೇ ಬಂದ್‌ಬಿಡ್ತೀವಿ ಕಣಪ್ಪ. ಯುಗಾದಿವರೆಗೂ ಇದ್ದು ಬರೋಣ ಅಂತ.” ಲೆಕ್ಕ ಹಾಕಿದರೆ ಹತ್ತಿರ ಹತ್ತಿರ ಐದು ತಿಂಗಳು.

ಈ ಲೇಖನಕ್ಕೆ ಒಂದೇ ಮನೆಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅತ್ತೆ-ಮಾವ ತಿಪಟೂರಿನ ಕಡೆಯ ಹಳ್ಳಿಯವರು, ತೆಂಗಿನ ತೋಟ, ಒಂದು ಹಸು. ಮಾವನಿಗೆ 68, ಅತ್ತೆಗೆ 63. ಮಗ-ಸೊಸೆ ಬೆಂಗಳೂರಿನಲ್ಲಿ ಎರಡು ಕೋಣೆಯ ಬಾಡಿಗೆ ಮನೆಯಲ್ಲಿದ್ದಾರೆ. ಮಗಳು ಹತ್ತನೇ ಕ್ಲಾಸು. ಸೊಸೆಗೆ ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ, ಮೀಟಿಂಗುಗಳು ಸಂಜೆ ಏಳರ ನಂತರ. ಯಾರಿಗೂ ಯಾರ ಮೇಲೂ ದ್ವೇಷವಿಲ್ಲ. ಜಗಳವಿರುವ ಮನೆಯಲ್ಲಿ ಬೇಡ ಅನ್ನುವುದು ಒಂದು ಲೆಕ್ಕದಲ್ಲಿ ಸುಲಭ. ಪ್ರೀತಿ ಇರುವ ಮನೆಯಲ್ಲೇ ನಾಲಿಗೆ ಹೊರಳುವುದಿಲ್ಲ. ಹಾಗಾಗಿ ಇಂಥ ಮನೆಯನ್ನೇ ಆರಿಸಿದ್ದೇನೆ. ಈ ದಂಪತಿ ಬೇಡ ಅನ್ನಬೇಕಿರುವುದು ಐದು ತಿಂಗಳಿಗೆ ಮಾತ್ರ. ಅತ್ತೆ-ಮಾವ ಬರುವುದಕ್ಕೆ ಅವರ ತಕರಾರೇನೂ ಇಲ್ಲ. ಈ ವ್ಯತ್ಯಾಸ ಕೊನೆಯ ಮಾತಿನವರೆಗೂ ಕಾಣುವಂತೆ ನೋಡಿಕೊಂಡರೆ ಅರ್ಧ ಕೆಲಸ ಆದಂತೆ.

ಮೊದಲನೆಯದು: ಆ ಫೋನಿನಲ್ಲೇ ಉತ್ತರ ಕೊಡಬೇಡಿ

ಗಾಬರಿಯಲ್ಲಿ ಬಾಯಿಗೆ ಬರುವ ಉತ್ತರಗಳು ಎರಡೇ. “ಅಯ್ಯೋ ಬನ್ನಿ, ಅದಕ್ಕೇನು ಕೇಳೋದು” ಅನ್ನುವುದು ಒಂದು. “ಹ್ಞೂಂ, ನೋಡೋಣ” ಅನ್ನುವುದು ಇನ್ನೊಂದು. ಮೊದಲನೆಯದನ್ನು ಆಮೇಲೆ ಹಿಂತೆಗೆದುಕೊಂಡರೆ ಮಾತು ತಪ್ಪಿದ ಮಗ ಅನ್ನಿಸಿಕೊಳ್ಳುತ್ತೀರಿ. ಎರಡನೆಯದು ಇನ್ನೂ ಅಪಾಯ. ಅತ್ತ ಕಡೆ ಅದನ್ನು ಒಪ್ಪಿಗೆ ಅಂತಲೇ ಲೆಕ್ಕ ಹಾಕುತ್ತಾರೆ. ಮರುದಿನವೇ ಹಸುವನ್ನು ಯಾರ ಮನೆಗೆ ಬಿಡುವುದು, ತೋಟಕ್ಕೆ ನೀರು ಯಾರು ಬಿಡುತ್ತಾರೆ ಎಂಬ ಮಾತು ಶುರು. ಮೂರನೇ ದಿನಕ್ಕೆ ಡೈರಿಗೆ ಹಾಲು ಹಾಕುವ ಕಡೆ, ಅರಳಿಕಟ್ಟೆಯಲ್ಲಿ “ಈ ಸಲ ಯುಗಾದಿವರೆಗೂ ಮಗನ ಮನೇಲಿ” ಅಂತ ಹೇಳಿಯೂ ಆಗಿರುತ್ತದೆ. ನಾಲ್ಕು ಜನಕ್ಕೆ ಹೇಳಿದ ಮೇಲೆ ಬೇಡ ಅನ್ನಿಸಿಕೊಳ್ಳುವುದು ಬೇರೆಯೇ ನೋವು. ಅದನ್ನು ತಪ್ಪಿಸುವುದು ನಿಮ್ಮ ಕೈಯಲ್ಲಿದೆ.

ಹಾಗಾಗಿ ಸಂತೋಷವನ್ನೂ ತೋರಿಸಿ, ಉತ್ತರ ಯಾವತ್ತು ಕೊಡುತ್ತೀರಿ ಅನ್ನುವುದನ್ನೂ ಹೇಳಿ:

“ಅಪ್ಪಾಜಿ, ಬರ್ತೀನಿ ಅಂದಿದ್ದು ಭಾಳ ಖುಷಿ ಆಯ್ತು. ಯಾವಾಗ, ಎಷ್ಟು ದಿನ ಅನ್ನೋದನ್ನ ನಾವಿಬ್ರೂ ಕೂತು ನೋಡ್ತೀವಿ. ಭಾನುವಾರ ನಾನೇ ಮಾಡ್ತೀನಿ. ಅಲ್ಲಿಗಂಟ ಹಸ ಯಾರಿಗೂ ಒಪ್ಪಿಸ್ಬೇಡಿ.”

ಕೊನೆಯ ವಾಕ್ಯ ಮುಖ್ಯ. ಇನ್ನೂ ಏನೂ ತೀರ್ಮಾನವಾಗಿಲ್ಲ ಅನ್ನುವುದನ್ನು ಅದು ನಯವಾಗಿ ಹೇಳುತ್ತದೆ. ಭಾನುವಾರ ಅಂದಮೇಲೆ ಭಾನುವಾರವೇ ಮಾಡಿ, ಸೋಮವಾರಕ್ಕೆ ಹೋದರೆ ಅದನ್ನೇ ಉತ್ತರ ಅಂದುಕೊಳ್ಳುತ್ತಾರೆ. ಫೋನು ಸೊಸೆಯ ಕೈಗೆ ಬಂದಿದ್ದರೆ ಅವಳು ಇಷ್ಟೇ ಹೇಳಬೇಕು: “ಆಗ್ಲಿ ಮಾವ, ಅವರು ಬಂದ ತಕ್ಷಣ ಹೇಳ್ತೀನಿ, ಅವರೇ ಮಾತಾಡ್ತಾರೆ.” ಮನೆ ಕಷ್ಟ, ಕೆಲಸದ ಕಷ್ಟ ಯಾವುದನ್ನೂ ಆಗ ಸೇರಿಸಬಾರದು.

ಎರಡನೆಯದು: ಕೇಳಿದ್ದರ ಹಿಂದೆ ಏನಿದೆ ಅಂತ ತಿಳಿದುಕೊಳ್ಳಿ

ತೋಟ, ಹಸು ಇರುವವರು ಐದು ತಿಂಗಳು ಮನೆಗೆ ಬೀಗ ಹಾಕುತ್ತೇವೆ ಅಂದರೆ ಅದು ಸುಮ್ಮನೆ ಬಂದ ಆಸೆ ಆಗಿರುವುದಿಲ್ಲ. ತೆಂಗಿನ ತೋಟದವರಿಗೆ ಒಂದೂವರೆ-ಎರಡು ತಿಂಗಳಿಗೊಮ್ಮೆ ಕಾಯಿ ಕೀಳಿಸುವ ಕೆಲಸ ಇದ್ದೇ ಇರುತ್ತದೆ. ಶಿವರಾತ್ರಿಯ ಹೊತ್ತಿಗೆ ಬಿಸಿಲೇರಿ ನೀರಿನ ಚಿಂತೆ ಶುರು. ಅದನ್ನೆಲ್ಲ ಬಿಟ್ಟು ಬರುತ್ತೇವೆ ಅನ್ನುತ್ತಿದ್ದಾರೆ ಅಂದರೆ ಅಲ್ಲಿ ಏನೋ ಕಷ್ಟ ಇದೆ. ಆದರೆ ಹಿರಿಯರು ಅದನ್ನು ನೇರವಾಗಿ ಹೇಳುವುದಿಲ್ಲ. “ಮೊಮ್ಮಗಳನ್ನ ನೋಡ್ಬೇಕು ಅನ್ಸಿದೆ” ಅನ್ನುತ್ತಾರೆ. ಅದು ಸುಳ್ಳಲ್ಲ, ಆದರೆ ಅಷ್ಟೇ ಅಲ್ಲ.

ಇದನ್ನು ತಿಳಿಯಲು ತಾಯಿಗೆ ಒಬ್ಬರಿಗೇ ಫೋನು ಮಾಡಿ. ಮಧ್ಯಾಹ್ನ ಊಟ ಮುಗಿದು ತಂದೆ ತೋಟದ ಕಡೆ ಹೋಗಿರುವ ಹೊತ್ತು ಒಳ್ಳೆಯದು. “ಯಾಕೆ ಬರ್ತೀರಾ” ಅಂತ ಕೇಳಿದರೆ ಕೆಲಸ ಕೆಟ್ಟಿತು. ಸುತ್ತಿನ ಪ್ರಶ್ನೆಗಳನ್ನು ಕೇಳಿ. ರಾತ್ರಿ ನಿದ್ದೆ ಹೇಗೆ? ಅಪ್ಪಾಜಿ ಸ್ಕೂಟರ್ ಓಡಿಸ್ತಾರಾ? ಪಕ್ಕದ ಮನೆಯವರು ಊರಲ್ಲೇ ಇದ್ದಾರಾ? ಅಣ್ಣನ ಮನೆ ಕಡೆ ಹೋಗಿ ಬಂದ್ರಾ? ಅಕ್ಕ-ತಂಗಿ ಇದ್ದರೆ ಅವರನ್ನೂ ಕೇಳಬಹುದು. ಮಗನಿಗೆ ಹೇಳದ್ದನ್ನು ತಾಯಿ ಮಗಳಿಗೆ ಹೇಳಿರುತ್ತಾಳೆ.

ನಮ್ಮ ಉದಾಹರಣೆಯ ಮನೆಯಲ್ಲಿ ಹೊರಬಿದ್ದದ್ದು ಎರಡು ಸಂಗತಿ. “ನಿಮ್ಮಪ್ಪಂಗೆ ರಾತ್ರಿ ಹೊತ್ತು ಲೈಟಿನ ಸುತ್ತ ಬೆಳಕು ಚೆಲ್ಲಾಡ್ದಂಗೆ ಕಾಣ್ತದಂತೆ. ಗಾಡಿ ಬಿಟ್ಟು ಎರಡು ತಿಂಗಳಾಯ್ತು. ನಿಂಗೆ ಹೇಳ್ಬೇಡ ಅಂದಿದ್ರು.” ಇದು ಒಂದು. ಕಣ್ಣಿನ ಪೊರೆ ಬಂದಿರಬಹುದು ಅನ್ನುವ ಲಕ್ಷಣ ಇದು. ಪಕ್ಕದ ಮನೆಯವರು ಮಗಳ ಊರಿಗೆ ಹೋಗಿ ಬೀಗ ಬಿದ್ದಿದೆ, ತೋಟದ ಮನೆಯಲ್ಲಿ ಕತ್ತಲಾದರೆ ಅತ್ತೆಗೆ ಭಯ. ಇದು ಎರಡನೆಯದು.

ಈಗ ಇಡೀ ಚಿತ್ರವೇ ಬದಲಾಯಿತಲ್ಲವೇ? ಅವರಿಗೆ ಬೇಕಾಗಿರುವುದು ಕಣ್ಣಿನ ಆಪರೇಶನ್ನು, ಜೊತೆಗೆ ರಾತ್ರಿಯ ಧೈರ್ಯ. ಐದು ತಿಂಗಳು ಅನ್ನುವುದು ಅವೆರಡಕ್ಕೂ ಅವರೇ ಹುಡುಕಿಕೊಂಡ ಪರಿಹಾರ. ಪೊರೆಯ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಆಸ್ಪತ್ರೆಯಲ್ಲಿ ಉಳಿಯಬೇಕಾಗುವುದಿಲ್ಲ, ಅದೇ ದಿನ ಮನೆಗೆ ಕಳಿಸುತ್ತಾರೆ. ಮರುದಿನ ಒಮ್ಮೆ, ವಾರದ ನಂತರ ಒಮ್ಮೆ, ತಿಂಗಳ ಹೊತ್ತಿಗೆ ಇನ್ನೊಮ್ಮೆ ತೋರಿಸಬೇಕು. ಹನಿಗಳನ್ನು ನಾಲ್ಕರಿಂದ ಆರು ವಾರ ಹಾಕಬೇಕಾಗುತ್ತದೆ. ಮೊದಲ ದಿನಗಳಲ್ಲಿ ಕಣ್ಣಿಗೆ ನೀರು, ದೂಳು, ಒಲೆಯ ಹೊಗೆ ತಾಗಬಾರದು, ಭಾರ ಎತ್ತಬಾರದು. ಸಕ್ಕರೆ ಕಾಯಿಲೆ ಇದ್ದರೆ ಅಥವಾ ಎರಡೂ ಕಣ್ಣಿಗೆ ಮಾಡಬೇಕಿದ್ದರೆ ಈ ಲೆಕ್ಕ ಹಿಗ್ಗುತ್ತದೆ, ಅದನ್ನು ವೈದ್ಯರೇ ಹೇಳಬೇಕು. ಉಳಿದ ಹನಿಗಳನ್ನು ಊರಲ್ಲೇ ಹಾಕಿಕೊಂಡು, ತಿಂಗಳ ಚೆಕಪ್ಪಿಗೆ ಒಮ್ಮೆ ಬಂದು ಹೋದರಾಯಿತು ಅಂದುಕೊಂಡರೆ, ಅಂತೂ ಅಗತ್ಯ ಸುಮಾರು ಮೂರು ವಾರದ್ದು.

ಎಲ್ಲ ಮನೆಯಲ್ಲೂ ಹಿಂದಿರುವ ಕಾರಣ ಕಣ್ಣೇ ಆಗಿರುವುದಿಲ್ಲ. ದೊಡ್ಡ ಮಗನ ಮನೆಯಲ್ಲಿ ಮಾತಿಗೆ ಮಾತು ಬೆಳೆದಿರಬಹುದು. ಹಾಗಿದ್ದರೆ ನಿಮ್ಮ ಮನೆಗೆ ಕರೆದುಕೊಂಡರೂ ಆ ಗಾಯ ವಾಸಿಯಾಗುವುದಿಲ್ಲ, ಅಣ್ಣನ ಜೊತೆ ಕೂತು ಮಾತಾಡಬೇಕಾಗುತ್ತದೆ. ಕೈಯಲ್ಲಿ ದುಡ್ಡಿಲ್ಲದೆ ಇರಬಹುದು. ಆಗ ತಿಂಗಳಿಗಿಷ್ಟು ಅಂತ ಕಳಿಸುವುದೇ ಸರಿಯಾದ ಉತ್ತರ. ಕಾರಣ ಗೊತ್ತಿಲ್ಲದೆ ಬೇಡ ಅಂದರೆ ಅವರ ಕಷ್ಟಕ್ಕೇ ಬೇಡ ಅಂದಂತಾಗುತ್ತದೆ.

ಮೂರನೆಯದು: ಗಂಡ-ಹೆಂಡತಿ ತಾರೀಖು ಬರೆದುಕೊಂಡು ಕೂರಿ

“ಸ್ವಲ್ಪ ದಿನ ಇರಲಿ” ಅನ್ನುವ ತೀರ್ಮಾನ ತೀರ್ಮಾನವಲ್ಲ. ಗಂಡನ ಸ್ವಲ್ಪ ಎರಡು ತಿಂಗಳು, ಹೆಂಡತಿಯ ಸ್ವಲ್ಪ ಹತ್ತು ದಿನ. ಕ್ಯಾಲೆಂಡರನ್ನು ಗೋಡೆಯಿಂದ ಇಳಿಸಿ ಎದುರಿಗೆ ಇಟ್ಟುಕೊಳ್ಳಿ. ಮಗಳ ಪೂರ್ವಸಿದ್ಧತಾ ಪರೀಕ್ಷೆ ಯಾವಾಗ, ಮುಖ್ಯ ಪರೀಕ್ಷೆ ಯಾವಾಗ, ಸೊಸೆಯ ಆಫೀಸಿನಲ್ಲಿ ಕೆಲಸ ಒತ್ತಿ ಬರುವ ವಾರಗಳು ಯಾವುವು, ಎಲ್ಲ ಗುರುತು ಮಾಡಿ. ನಂತರ ಮನೆಯ ಒಂದು ಸಾಮಾನ್ಯ ದಿನವನ್ನು ಬೆಳಿಗ್ಗೆಯಿಂದ ನಡೆಸಿ ನೋಡಿ. ಎರಡನೇ ಕೋಣೆ ಅತ್ತೆ-ಮಾವನಿಗೆ ಕೊಟ್ಟರೆ ಮಗಳು ಓದುವುದು ಎಲ್ಲಿ? ರಾತ್ರಿ ಎಂಟಕ್ಕೆ ಊಟ ಮಾಡಿ ಮಲಗುವವರಿಗೆ ಏಳರಿಂದ ಒಂಬತ್ತರವರೆಗೆ ಮೀಟಿಂಗಿನಲ್ಲಿರುವ ಸೊಸೆ ಮುದ್ದೆ ಕಟ್ಟುವುದು ಹೇಗೆ? ಹಾಲಿನಲ್ಲಿ ಮಾವ ವಾರ್ತೆ ಹಾಕಿಕೊಂಡರೆ ಅವಳ ಲ್ಯಾಪ್‌ಟಾಪು ಅಡುಗೆಮನೆಗೇ ಹೋಗಬೇಕು. ಇವೆಲ್ಲ ಕ್ಷುಲ್ಲಕ ಅನ್ನಿಸುತ್ತವೆ. ಆದರೆ ಎರಡನೇ ತಿಂಗಳಲ್ಲಿ ಸಿಡಿಮಿಡಿ ಶುರುವಾಗುವುದು ಇಂಥವುಗಳಿಂದಲೇ, ದೊಡ್ಡ ವಿಷಯಗಳಿಂದಲ್ಲ.

ಇಲ್ಲಿ ಒಂದು ಪ್ರಾಮಾಣಿಕ ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು. ಹೆಂಡತಿಯ ಅಪ್ಪ-ಅಮ್ಮ ಇದೇ ಐದು ತಿಂಗಳು ಕೇಳಿದ್ದರೆ ಉತ್ತರ ಏನಿರುತ್ತಿತ್ತು? ಎರಡೂ ಕಡೆಗೆ ಒಂದೇ ಅಳತೆ ಇಲ್ಲದಿದ್ದರೆ ಇವತ್ತಲ್ಲ ನಾಳೆ ಅದು ಹೊರಗೆ ಬರುತ್ತದೆ. ಅತ್ತೆಯ ಕಿವಿಗೂ ಬೀಳುತ್ತದೆ.

ನಮ್ಮ ದಂಪತಿ ಹಾಕಿಕೊಂಡ ಲೆಕ್ಕ ಹೀಗೆ. ದೀಪಾವಳಿಗೆ ತಾವೇ ಊರಿಗೆ ಹೋಗುವುದು, ವಾಪಸು ಬರುವಾಗ ಅವರನ್ನು ಕರೆತರುವುದು. ಮೂರು ವಾರ ಇಟ್ಟುಕೊಂಡು ಕಣ್ಣಿನ ಕೆಲಸ ಮುಗಿಸುವುದು. ಸಂಕ್ರಾಂತಿಗೆ ಮಗ ಒಬ್ಬನೇ ಎರಡು ದಿನ ಊರಿಗೆ ಹೋಗುವುದು. ಪರೀಕ್ಷೆ ಮುಗಿದ ಮೇಲೆ ಮೊಮ್ಮಗಳನ್ನು ಎರಡು ವಾರ ಅಜ್ಜಿಯ ಹತ್ತಿರ ಬಿಡುವುದು. ಬೇಸಿಗೆ ಕಳೆದು ಇನ್ನೊಂದು ಕಣ್ಣು. ರಾತ್ರಿಯ ಭಯಕ್ಕೆ ತೋಟದ ಮನೆಯ ಮುಂದೆ ದೊಡ್ಡ ದೀಪ, ಜೊತೆಗೆ ಊರಿನ ಸೋದರಸಂಬಂಧಿ ಹುಡುಗನೊಬ್ಬ ರಾತ್ರಿ ಅಲ್ಲೇ ಬಂದು ಮಲಗುವ ಏರ್ಪಾಡು.

ಅಮೆರಿಕದಲ್ಲಿರುವವರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿ ಪ್ರವಾಸಿ ವೀಸಾದಲ್ಲಿ ಬಂದವರಿಗೆ ಸಾಮಾನ್ಯವಾಗಿ ಆರು ತಿಂಗಳು ಇರಲು ಅವಕಾಶ ಸಿಗುತ್ತದೆ. ಅದರಿಂದಲೇ “ಹೋದರೆ ಆರು ತಿಂಗಳು” ಅನ್ನುವ ರೂಢಿ ಬಂದಿದೆ. ಟಿಕೆಟ್ಟಿಗೆ ಅಷ್ಟು ದುಡ್ಡು ಸುರಿದು ಒಂದೂವರೆ ತಿಂಗಳಿಗೆ ವಾಪಸಾಗುವುದು ಅವರಿಗೆ ದಂಡ ಅನ್ನಿಸುತ್ತದೆ. ಅಂಥ ಕಡೆ ಅವಧಿಯ ಮಾತನ್ನು ಟಿಕೆಟ್ ತೆಗೆಯುವ ಮುಂಚೆಯೇ ಆಡಬೇಕು. ಪ್ರವಾಸಿಗರ ವಿಮೆಗಳು ಮೊದಲೇ ಇರುವ ಕಾಯಿಲೆಗಳ ಖರ್ಚನ್ನು ಬಹುಮಟ್ಟಿಗೆ ಕೊಡುವುದಿಲ್ಲ ಅನ್ನುವುದು ಅವಧಿ ಕಡಿಮೆ ಮಾಡಲು ನಿಜವಾದ, ಅವರಿಗೂ ಅರ್ಥವಾಗುವ ಕಾರಣ.

ನಾಲ್ಕನೆಯದು: ಯಾರ ಅಪ್ಪ-ಅಮ್ಮನೋ ಅವರೇ ಹೇಳಬೇಕು

ಇದರಲ್ಲಿ ವಿನಾಯಿತಿ ಇಟ್ಟುಕೊಳ್ಳಬೇಡಿ. ಮಗ ಹೇಳಿದರೆ ಅದು ಒಂದು ದಿನದ ಬೇಸರ. ಅದೇ ಮಾತನ್ನು ಸೊಸೆ ಹೇಳಿದರೆ ಹತ್ತು ವರ್ಷದ ಕಥೆ. ಮಗ ಹೇಳುವಾಗಲೂ ಒಂದು ವಾಕ್ಯ ಬಾಯಿಗೆ ಬರಬಾರದು: “ಅವಳಿಗೆ ಕಷ್ಟ ಆಗುತ್ತೆ ಅಮ್ಮ.” ಇದು ಹೆಂಡತಿಯ ಪರವಾಗಿ ಆಡಿದ ಮಾತಿನಂತೆ ಕಂಡರೂ ತಪ್ಪನ್ನು ಅವಳ ತಲೆಗೆ ಕಟ್ಟಿ ತಾನು ನುಣುಚಿಕೊಳ್ಳುವ ಮಾತು. “ನಾವು ಯೋಚನೆ ಮಾಡಿದ್ವಿ” ಅಂದರೂ ತಾಯಂದಿರು ಅದರೊಳಗೆ ಸೊಸೆಯನ್ನೇ ಹುಡುಕುತ್ತಾರೆ. “ನಾನು ಯೋಚನೆ ಮಾಡ್ದೆ, ನಂಗೆ ಹಿಂಗೆ ಸರಿ ಅನ್ನಿಸ್ತು” ಅನ್ನುವುದೇ ವಾಸಿ.

ಸೋದರ ಸಂಬಂಧದ ಮದುವೆಗಳಲ್ಲಿ ಗಂಟು ಇನ್ನೂ ಬಿಗಿ. ಅತ್ತೆ ಅಂದರೆ ತಂದೆಯ ಒಡಹುಟ್ಟಿದ ಅಕ್ಕನೇ ಆಗಿದ್ದರೆ, ಬೇಡ ಅಂದ ಸುದ್ದಿ ಸಂಜೆಯೊಳಗೆ ತವರಿಗೆ ಮುಟ್ಟಿ ಅಪ್ಪ ಮಗಳಿಗೆ ಫೋನು ಮಾಡಿ ಬೈಯುತ್ತಾರೆ. ಅಂಥ ಮನೆಯವರು ಊರಿಗೆ ಮಾತು ಹೋಗುವ ಮುಂಚೆಯೇ ಸೊಸೆಯ ಮೂಲಕ ಅವಳ ಅಪ್ಪನಿಗೆ ಪೂರ್ತಿ ಯೋಜನೆಯನ್ನು ತಿಳಿಸಿಡುವುದು ಒಳ್ಳೆಯದು. ಅಭಿಪ್ರಾಯ ಕೇಳಬೇಕಿಲ್ಲ. ಆಪರೇಶನ್ನಿಗೆ ಕರೆತರುತ್ತಿದ್ದೇವೆ, ಮೂರು ವಾರ ಇರುತ್ತಾರೆ ಅನ್ನುವ ಸುದ್ದಿ ಮೊದಲು ನಿಮ್ಮ ಬಾಯಿಂದ ಹೋಗಿರಲಿ.

ಹೆಂಡತಿಯ ಕಡೆಯವರಾದರೆ ಎಚ್ಚರ ಬೇರೆ ರೀತಿಯದು. ಮಗಳ ಮನೆಯಲ್ಲಿ ಹೆಚ್ಚು ದಿನ ಇರಬಾರದು, ಅಳಿಯನ ಮುಂದೆ ಹಗುರಾಗಬಾರದು ಅನ್ನುವ ಸಂಕೋಚ ನಮ್ಮ ಹಿರಿಯರಲ್ಲಿ ಇನ್ನೂ ಗಟ್ಟಿಯಾಗಿದೆ. ಅದನ್ನೂ ದಾಟಿ ಅವರು ಬಾಯಿಬಿಟ್ಟು ಕೇಳಿದ್ದಾರೆ ಅಂದರೆ ಅಲ್ಲಿ ಕಷ್ಟ ದೊಡ್ಡದಿರಬಹುದು. ಅಂಥವರಿಗೆ ಬೇಡ ಅನ್ನುವ ಮುಂಚೆ ಎರಡನೇ ಹೆಜ್ಜೆಗೆ ಇನ್ನಷ್ಟು ಸಮಯ ಕೊಡಿ. ಹೇಳುವವಳು ಮಗಳೇ ಆಗಿರಲಿ, ಆದರೆ ಅದೇ ದಿನ ಅಳಿಯ ತಾನಾಗಿ ಫೋನು ಮಾಡಿ “ಮಾವ, ಆ ಮೂರು ವಾರಕ್ಕೆ ನಾನೇ ಬಂದು ಕರ್ಕೊಂಡ್ ಬರ್ತೀನಿ” ಅನ್ನಬೇಕು. ಅಳಿಯನ ಬಾಯಿಂದ ಕರೆ ಬರದಿದ್ದರೆ ಆ ಮೂರು ವಾರಕ್ಕೂ ಅವರು ಬರುವುದಿಲ್ಲ.

ಐದನೆಯದು: ಊರಿಗೆ ಹೋಗಿ, ಎದುರು ಕೂತು ಹೇಳಿ

ಭಾನುವಾರದ ಫೋನಿನಲ್ಲಿ “ಈ ಶನಿವಾರ ನಾನೇ ಬರ್ತಿದೀನಿ, ಅಲ್ಲೇ ಮಾತಾಡೋಣ” ಅಂತ ಮಾತ್ರ ಹೇಳಿ. ವಾಟ್ಸ್ಆ್ಯಪ್ ಸಂದೇಶದಲ್ಲಂತೂ ಬೇಡವೇ ಬೇಡ, ಅದು ಅತ್ತಿಗೆಯ ಫೋನಿಗೂ ಹೋಗುತ್ತದೆ. ದೂರದ ದೇಶದಲ್ಲಿದ್ದರೆ ವಿಡಿಯೊ ಕರೆ ಇರಲಿ, ಆದರೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಮಾತು ಎತ್ತಬೇಡಿ.

ಊರಿಗೆ ಹೋದ ತಕ್ಷಣ ವಿಷಯ ತೆಗೆಯಬೇಡಿ. ಊಟವಾಗಲಿ, ತೋಟ ಸುತ್ತಿ ಬನ್ನಿ. ಅಪ್ಪ-ಅಮ್ಮ ಇಬ್ಬರೂ ಇರುವಾಗಲೇ ಮಾತಾಡಿ. ಒಬ್ಬರಿಗೆ ಹೇಳಿ ಇನ್ನೊಬ್ಬರಿಗೆ ತಲುಪಿಸಲು ಬಿಟ್ಟರೆ ಮಾತು ಬೇರೆಯೇ ಆಕಾರ ಪಡೆಯುತ್ತದೆ. ಮೊದಲು ಕಣ್ಣಿನ ವಿಷಯ, ನಂತರ ಬರುವ ತಾರೀಖು, ಹೋಗುವ ತಾರೀಖು, ಆಮೇಲಷ್ಟೇ ಐದು ತಿಂಗಳು ಆಗುವುದಿಲ್ಲ ಅನ್ನುವುದು. ಈ ಕ್ರಮ ತಪ್ಪಿಸಬೇಡಿ. ನಮ್ಮ ಮನೆಯಲ್ಲಿ ಮಾತು ಹೀಗೆ ನಡೆಯಬಹುದು:

“ಅಪ್ಪಾಜಿ, ಕಣ್ಣಿನ ವಿಷ್ಯ ಅಮ್ಮ ಹೇಳ್ತು. ಅವಳ ಮೇಲೆ ರೇಗ್ಬೇಡಿ. ಬೆಂಗ್ಳೂರಲ್ಲಿ ಡಾಕ್ಟರ್ ಹತ್ರ ದಿನ ತಗೊಂಡಿದೀನಿ. ದೀಪಾವಳಿಗೆ ನಾವೆಲ್ಲ ಇಲ್ಲಿಗೇ ಬರ್ತೀವಿ, ಹಬ್ಬ ಆದ್ಮೇಲೆ ನಮ್ ಜೊತೇಲೆ ಹೊರಡಿ. ಮೂರು ವಾರ ಇದ್ದು ಕಣ್ಣು ಮುಗಿಸ್ಕೊಂಡು ಬರೋಣ. ನಾನೇ ತಂದು ಬಿಡ್ತೀನಿ.”

“ಮೂರು ವಾರಾನಾ? ನಾವು ಯುಗಾದಿಗಂಟ ಅಂದ್ಕೊಂಡಿದ್ವಲ್ಲಪ್ಪ.”

“ಗೊತ್ತು ಅಪ್ಪಾಜಿ. ಐದು ತಿಂಗಳು ನಂಗೆ ನಡ್ಸೋಕ್ಕಾಗಲ್ಲ. ನೀವು ಬಂದು ನಾನು ನೆಟ್ಟಗೆ ನೋಡ್ಕೊಳ್ದಂಗೆ ಆದ್ರೆ ನಂಗೇ ತಡೆಯಲ್ಲ. ಅದ್ಕೇ ಮೂರು ವಾರ ಇಟ್ಕೊಂಡಿದೀನಿ, ಅಷ್ಟು ದಿನ ಸಾಯಂಕಾಲ ಬೇಗ ಬರ್ತೀನಿ ಅಂತ ಆಫೀಸಲ್ಲೂ ಹೇಳಿದೀನಿ.”

“ಭಾರ ಆಗ್ತೀವಿ ಅಂತ ಹೇಳು ಬಿಡು.”

ಈ ಮಾತು ಬಂದೇ ಬರುತ್ತದೆ, ತಯಾರಾಗಿರಿ. ಇದಕ್ಕೆ ವಾದ ಮಾಡಿದರೆ ಸೋತಿರಿ. “ಹಂಗಲ್ಲ, ನೀವು ತಪ್ಪು ತಿಳ್ಕೊಂಡ್ರಿ” ಅಂತ ಶುರು ಮಾಡಿದರೆ ಅದು ಅರ್ಧ ಗಂಟೆ ನಡೆದು ಕೊನೆಗೆ “ಆಯ್ತು, ಎರಡು ತಿಂಗಳು ಇರಿ” ಅಂತ ನಿಲ್ಲುತ್ತದೆ. ಚಿಕ್ಕದಾಗಿ “ಭಾರ ಅಂದಿದ್ರೆ ಕರಿಯೋಕ್ಕೆ ಬರ್ತಿದ್ನಾ ಅಪ್ಪಾಜಿ” ಅಂದು ಸುಮ್ಮನಾಗಿ. ಸ್ವಲ್ಪ ಹೊತ್ತು ಯಾರೂ ಮಾತಾಡದಿದ್ದರೂ ಪರವಾಗಿಲ್ಲ. ಆ ಮೌನವನ್ನು ತುಂಬಲು ಹೋಗಿ ದಿನ ಹೆಚ್ಚಿಸುವುದೇ ಹೆಚ್ಚಿನವರು ಮಾಡುವ ತಪ್ಪು. ಆಮೇಲೆ ತಾಯಿಯ ಕಡೆ ತಿರುಗಿ ತೋಟದ ಮನೆಯ ದೀಪದ ಮಾತು ತೆಗೆಯಿರಿ.

ತಾರೀಖು ಹೇಳುವಾಗ ಅವರ ಪಂಚಾಂಗವನ್ನೂ ಗೌರವಿಸಿ. ಹೊರಡುವ ದಿನ ಮಂಗಳವಾರವೋ ಅಮಾವಾಸ್ಯೆಯೋ ಆಗಿದ್ದರೆ ಆ ಒಂದು ಕಾರಣಕ್ಕೇ ಹೋಗುವುದು ಮುಂದಕ್ಕೆ ಬೀಳುತ್ತದೆ. ಕೆಲವರು ಊರು ಬಿಟ್ಟ ಒಂಬತ್ತನೇ ದಿನ ವಾಪಸು ಮನೆ ಸೇರುವುದಿಲ್ಲ. “ಬುಧವಾರ ಹೊರಡೋಣ ಅಂತಿದೀನಿ, ದಿನ ಹೆಂಗಿದೆ ನೋಡಿ” ಅಂತ ಮಾವನ ಕೈಗೇ ಕ್ಯಾಲೆಂಡರ್ ಕೊಟ್ಟರೆ ಹೋಗುವ ದಿನವನ್ನು ಅವರೇ ಗೊತ್ತು ಮಾಡಿದಂತಾಗುತ್ತದೆ.

ಹೇಳಬಾರದ ಕಾರಣಗಳು

“ಓನರ್ ಒಪ್ಪಲ್ಲ” ಅನ್ನುವುದು ಬೆಂಗಳೂರಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಸುಳ್ಳು. ಮುಂದಿನ ಸಲ ನಿಮ್ಮ ಷಡ್ಡಕ ಬಂದು ವಾರ ಇದ್ದು ಹೋದರೆ ಅದು ಒಡೆಯುತ್ತದೆ. ನೀರಿಲ್ಲ ಅನ್ನುವುದು ಮಳೆ ಬಂದ ಕೂಡಲೇ ಮುಗಿಯುತ್ತದೆ. ಮಗಳ ಪರೀಕ್ಷೆ ನಿಜವಾದ ಕಾರಣವೇ ಆದರೂ ಅದೊಂದನ್ನೇ ಹೇಳಬೇಡಿ. “ಹಂಗಾದ್ರೆ ಪರೀಕ್ಷೆ ಮುಗಿದ್ಮೇಲೆ ಐದು ತಿಂಗಳು ಬರ್ತೀವಿ” ಅಂದರೆ ಏನು ಹೇಳುತ್ತೀರಿ? ಜೊತೆಗೆ ಮಗುವಿಗೆ “ನನ್ನಿಂದ ಅಜ್ಜಿ-ತಾತ ಬರಲಿಲ್ಲ” ಅನ್ನುವ ಹೊರೆಯೂ ಬೀಳುತ್ತದೆ. ಸುಳ್ಳು ಕಾರಣಕ್ಕೆ ಅವರು ಪರಿಹಾರ ಹುಡುಕಿಕೊಂಡು ಬರುತ್ತಾರೆ. “ಇಷ್ಟು ದಿನಕ್ಕಿಂತ ಹೆಚ್ಚು ನನ್ನಿಂದ ನಡೆಸಲಾಗುವುದಿಲ್ಲ” ಅನ್ನುವ ನೇರ ಮಾತಿಗೆ ಹುಡುಕಲು ಪರಿಹಾರವಿರುವುದಿಲ್ಲ.

ಅಣ್ಣ-ತಮ್ಮಂದಿರ ಪಾಳಿಯ ಮಾತನ್ನೂ ಆ ದಿನ ತರಬೇಡಿ. “ಅಣ್ಣನ ಮನೇಲಿ ಎಷ್ಟು ದಿನ ಇದ್ರಿ?” ಅನ್ನುವುದು ಹಿರಿಯರ ಕಿವಿಗೆ ತಮ್ಮನ್ನು ಹಂಚಿಕೊಳ್ಳುತ್ತಿದ್ದಾರೆ ಅಂತಲೇ ಕೇಳುತ್ತದೆ. ಪಾಳಿ ಬೇಕಿದ್ದರೆ ಒಡಹುಟ್ಟಿದವರು ತಮ್ಮತಮ್ಮಲ್ಲೇ ಮಾತಾಡಿಕೊಂಡು, ಅಪ್ಪ-ಅಮ್ಮನಿಗೆ ಎಲ್ಲ ಕಡೆಯಿಂದ ಕರೆಯಾಗಿ ಮಾತ್ರ ಕಾಣುವಂತೆ ಮಾಡಬೇಕು.

ಮಾತು ಹಬ್ಬಿದಾಗ

ನೀವು ಬೆಂಗಳೂರು ಸೇರುವ ಮುಂಚೆಯೇ ಚಿಕ್ಕಮ್ಮನ ಫೋನು ಬರಬಹುದು. “ಅಪ್ಪ-ಅಮ್ಮನ್ನ ಇಟ್ಕೊಳ್ಳೋಕ್ಕಾಗಲ್ವಂತಲ್ಲ?” ವಿವರಣೆ ಕೊಡಲು ಹೋಗಬೇಡಿ. “ಇಲ್ಲ ಚಿಕ್ಕಮ್ಮ, ದೀಪಾವಳಿ ಆದ್ಮೇಲೆ ಕರ್ಕೊಂಡ್ ಬರ್ತಿದೀನಿ, ಅಪ್ಪಾಜಿಗೆ ಕಣ್ಣಿನ ಆಪರೇಶನ್ ಇದೆ” ಅಂದರೆ ಮುಗಿಯಿತು. ತಾರೀಖು ಇರುವ ಉತ್ತರಕ್ಕೆ ಕೊಂಕು ಹುಟ್ಟುವುದು ಕಷ್ಟ.

ತಾಯಿ ಒಂದೆರಡು ವಾರ ಫೋನಿನಲ್ಲಿ “ಹ್ಞೂಂ”, “ಆಯ್ತು” ಅಷ್ಟಕ್ಕೇ ನಿಲ್ಲಿಸಿದರೆ ಅದು ಸಹಜ. ದಿನಾ ಮಾಡುವ ಹೊತ್ತಿಗೇ ಫೋನು ಮಾಡುತ್ತಿರಿ, ಬೇಸರ ಯಾಕೆ ಅಂತ ಕೆದಕಬೇಡಿ. ಸೊಸೆ ಕೂಡ ತನ್ನ ಎಂದಿನ ಫೋನನ್ನು ತಪ್ಪಿಸಬಾರದು. ಈ ವಿಷಯ ಅವಳ ಹತ್ತಿರ ಎತ್ತಿದರೆ “ನೀವು ಬರೋದನ್ನೇ ಕಾಯ್ತಿದೀನಿ ಅತ್ತೆ” ಅಂದು ಮುಂದಕ್ಕೆ ಹೋಗಲಿ. ಬೇಸರ ತಿಂಗಳು ದಾಟಿಯೂ ಉಳಿದಿದ್ದರೆ, ಅಥವಾ “ಆ ಮೂರು ವಾರವೂ ಬರಲ್ಲ” ಅನ್ನುತ್ತಿದ್ದರೆ, ನೀವು ಕಂಡುಹಿಡಿದ ಕಾರಣದ ಕೆಳಗೆ ಇನ್ನೊಂದು ಕಾರಣ ಇದೆ ಅಂತ ಅರ್ಥ. ಮತ್ತೆ ಎರಡನೇ ಹೆಜ್ಜೆಗೆ ಹೋಗಿ.

ಬೇಡ ಅನ್ನಲಾಗದ ಮನೆಗಳು

ಈ ಲೇಖನ ಎಲ್ಲರಿಗೂ ಅನ್ವಯಿಸುವುದಿಲ್ಲ. ಒಬ್ಬರೇ ಉಳಿದ ತಾಯಿ ಅಥವಾ ತಂದೆ, ಮರೆವಿನ ಕಾಯಿಲೆ, ಪಾರ್ಶ್ವವಾಯು, ಬಿದ್ದು ಸೊಂಟದ ಮೂಳೆ ಮುರಿದದ್ದು, ಇಂಥ ಕಡೆ ಎಷ್ಟು ದಿನ ಅನ್ನುವ ಪ್ರಶ್ನೆ ಹುಟ್ಟುವುದಿಲ್ಲ. ಯಾರು, ಎಲ್ಲಿ, ಹೇಗೆ ನೋಡಿಕೊಳ್ಳುತ್ತೀರಿ ಅನ್ನುವುದಷ್ಟೇ ಉಳಿಯುತ್ತದೆ.

ಕಾನೂನನ್ನೂ ತಿಳಿದಿರಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ 2007ರದ್ದು. ತಮ್ಮ ಆದಾಯದಿಂದ ಬದುಕಲಾಗದ ತಂದೆ-ತಾಯಿಯ ಊಟ, ಬಟ್ಟೆ, ವಸತಿ, ಚಿಕಿತ್ಸೆ ಮಕ್ಕಳ ಹೊಣೆ ಅಂತ ಅದು ಹೇಳುತ್ತದೆ. ಮಗನಷ್ಟೇ ಮಗಳಿಗೂ ಈ ಹೊಣೆ ಇದೆ. ಆ ಕಾಯ್ದೆಯ ‘ಮಕ್ಕಳು’ ಅನ್ನುವ ವ್ಯಾಖ್ಯೆಯಲ್ಲಿ ಸೊಸೆ-ಅಳಿಯಂದಿರ ಹೆಸರಿಲ್ಲ. ನಮ್ಮ ರಾಜ್ಯದಲ್ಲಿ ಇಂಥ ಅರ್ಜಿಗಳನ್ನು ಉಪವಿಭಾಗಾಧಿಕಾರಿಯ ಮುಂದಿರುವ ನ್ಯಾಯಮಂಡಳಿ ನೋಡುತ್ತದೆ. ಹೊಣೆ ಹೊರುವುದಕ್ಕೆ ನಿಮ್ಮ ಮನೆಯಲ್ಲೇ ಇಟ್ಟುಕೊಳ್ಳಬೇಕೆಂದಿಲ್ಲ, ಆದರೆ ಅವರಿಗೆ ಬೇರೆ ನೆಲೆಯೇ ಇಲ್ಲದಾಗ ಮನೆ ಚಿಕ್ಕದು ಅನ್ನುವ ಮಾತು ನಿಲ್ಲುವುದಿಲ್ಲ.

ಕಾನೂನಿಗಿಂತ ಹೆಚ್ಚು ಕಡೆ ಎದುರಾಗುವುದು ದುಡ್ಡಿನ ಪ್ರಶ್ನೆ. ನೀವಿರುವ ಫ್ಲಾಟಿನ ಮುಂಗಡ ತೋಟದ ಒಂದು ಎಕರೆ ಮಾರಿದ ದುಡ್ಡಿನಿಂದ ಬಂದಿದೆಯಾ? ಸೈಟು ಮಾವನ ಹೆಸರಿನಿಂದ ದಾನಪತ್ರದಲ್ಲಿ ಬಂದದ್ದಾ? ಹಾಗಿದ್ದರೆ ಅವರ ಮನಸ್ಸಿನಲ್ಲಿ ಅದು ತಮ್ಮದೂ ಮನೆ. ಅವರು ಅನುಮತಿ ಕೇಳುತ್ತಿಲ್ಲ, ತಿಳಿಸುತ್ತಿದ್ದಾರೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದೆ ಹೋದರೆ, ಅದೇ ಕಾಯ್ದೆಯ 23ನೇ ಕಲಮಿನಡಿ ರದ್ದು ಮಾಡಿಸಲೂ ಅವಕಾಶವಿದೆ. ಅಂಥ ಮನೆಯಲ್ಲಿ ದಿನ ಎಣಿಸುವ ಬದಲು ಅವರಿಗೆಂದೇ ಒಂದು ಕೋಣೆ ಇರುವ ವ್ಯವಸ್ಥೆಯನ್ನೇ ಯೋಚಿಸಬೇಕು.

ಬಂದ ಮೇಲೆ

ಮೂರು ವಾರ ನಿಜವಾಗಿಯೂ ಮೂರು ವಾರವಾಗುವುದು ವಾಪಸು ಹೋಗುವ ಟಿಕೆಟ್ಟಿನಿಂದ. ತಿಪಟೂರು ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗದಲ್ಲೇ ಇದೆ. ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮುಂಚೆ ತೆರೆಯುತ್ತದೆ. ಹಾಗಾಗಿ ಹಬ್ಬಕ್ಕೆ ಊರಿಗೆ ಹೊರಡುವ ಮುಂಚೆಯೇ ಹೋಗುವ ಟಿಕೆಟ್ಟನ್ನೂ ತೆಗೆದಿಡಬಹುದು. ನಿಮ್ಮದೂ ಸೇರಿಸಿ ತೆಗೆಯಿರಿ, ಬಿಟ್ಟು ಬರುತ್ತೇನೆ ಅಂದಿದ್ದೀರಲ್ಲ. ಬಸ್ಸೇ ಆದರೆ ಶಕ್ತಿ ಯೋಜನೆಯಿಂದ ಅತ್ತೆಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ಟಿನ ದುಡ್ಡಿಲ್ಲ, 60 ದಾಟಿದ ಮಾವನಿಗೆ ಕೆಎಸ್‌ಆರ್‌ಟಿಸಿಯ ರಿಯಾಯಿತಿ ಇದೆ. ಆದರೆ ಬಸ್ಸಿಗೆ ತಾರೀಖಿನ ಬಿಗಿ ಇರುವುದಿಲ್ಲ, “ನಾಳೆ ಹೋದರಾಯ್ತು” ಅನ್ನುವುದು ಬಸ್ಸಿನ ಗುಣ.

ಇರುವಷ್ಟು ದಿನ ದಿನ ಎಣಿಸುವುದು ಅವರಿಗೆ ಕಾಣಬಾರದು. ಕೋಣೆ ಪೂರ್ತಿ ಅವರಿಗೆ ಬಿಟ್ಟುಕೊಡಿ, ಮಗಳ ಪುಸ್ತಕಗಳನ್ನು ಮೊದಲೇ ಎತ್ತಿಡಿ. ಸಂಜೆ ಬೇಗ ಬರುತ್ತೇನೆ ಅಂದ ಮಗ ಬೇಗ ಬರಲೇಬೇಕು, ಕಣ್ಣಿಗೆ ಹನಿ ಹಾಕುವ ಕೆಲಸ ಅವನದೇ. ಆ ಕೆಲಸ ಸೊಸೆಯ ಮೇಲೆ ಬಿದ್ದರೆ ಮುಂದಿನ ಸಲ ಮೂರು ವಾರಕ್ಕೂ ಮನೆಯಲ್ಲಿ ಒಪ್ಪಿಗೆ ಸಿಗುವುದಿಲ್ಲ.

ಕೊನೆಯ ವಾರದಲ್ಲಿ “ಇನ್ನೊಂದು ಎಂಟು ದಿನ ಇದ್ದು ಹೋಗೋಣ ಅಂತ” ಅನ್ನುವ ಮಾತು ಬರಬಹುದು. ವೈದ್ಯರೇ ನಿಲ್ಲಲು ಹೇಳಿದ್ದರೆ ಹೊಸ ತಾರೀಖು ಹಾಕಿ, ಅವತ್ತೇ ಟಿಕೆಟ್ ಬದಲಿಸಿ. ಬರೀ ಮನಸ್ಸಿನ ಆಸೆಯಾದರೆ “ಟಿಕೆಟ್ ಆಗಿದೆ ಅಪ್ಪಾಜಿ, ತಿಂಗಳ ಚೆಕಪ್ಪಿಗೆ ಬಂದಾಗ ಎರಡು ದಿನ ಜಾಸ್ತಿ ಇರಿ” ಅನ್ನಿ, ಆ ಎರಡು ದಿನವನ್ನು ಅವರ ಎದುರಿಗೇ ಕ್ಯಾಲೆಂಡರಿನಲ್ಲಿ ಬರೆಯಿರಿ.